ನಿಮ್ಮ ನರ್ಸ್ ನಿಮ್ಮ ವಾದವನ್ನೇ ಸೋಲಿಸಿದ್ದಾರೆ

“ಸಂಪಾದಕರಿಗೆ ನಮಸ್ಕಾರ. ‘ನಿಯಮ ಬೇಡ, ವಿವೇಕ ಸಾಕು’ ಎಂಬ ಲೇಖನ ಕಳಿಸಿದ್ದೇನೆ. ಒಳ್ಳೆಯ ನಿರ್ಧಾರಕ್ಕೆ ನೀತಿಸೂತ್ರಗಳು ಬೇಕಿಲ್ಲ ಎನ್ನುವ ಪಾರ್ಟಿಕ್ಯುಲರಿಸಂ ಎಂಬ ವಾದವನ್ನು ಒಂದು ಆಸ್ಪತ್ರೆಯ ಪ್ರಸಂಗದ ಮೂಲಕ ಹೇಳಲು ನೋಡಿದ್ದೇನೆ. ಪ್ರಕಟಿಸಬಹುದಾ? ಆಗದಿದ್ದರೆ ಎಲ್ಲಿ ಎಡವಿದ್ದೇನೆ ಅಂತ ಮುಚ್ಚುಮರೆ ಇಲ್ಲದೆ ಹೇಳಿ.”

ನಮಸ್ಕಾರ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬರವಣಿಗೆಗೆ ಓಟ ಇದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ನೀವು ಕೊಟ್ಟ ಉದಾಹರಣೆ ನಿಮ್ಮ ಕಡೆ ಸಾಕ್ಷಿ ಹೇಳುತ್ತಿಲ್ಲ, ಎದುರು ಪಕ್ಷದ ಕಡೆ ಹೇಳುತ್ತಿದೆ.

ಆಸ್ಪತ್ರೆಯ ಪ್ರಸಂಗವನ್ನೇ ನೋಡೋಣ. ಗಂಡ ಅಪಘಾತದಲ್ಲಿ ತೀರಿಕೊಂಡಿದ್ದಾರೆ. ಹೆಂಡತಿಗೆ ಆಗಷ್ಟೇ ಆಪರೇಷನ್ ಮುಗಿದಿದೆ. ಆಕೆ “ಅವ್ರು ಊಟ ಮಾಡಿದ್ರಾ?” ಎಂದು ಕೇಳುತ್ತಾರೆ. ನರ್ಸ್ “ಹೂಂ, ಆಯ್ತು” ಎನ್ನುತ್ತಾರೆ. ಮಾರನೇ ದಿನ ಡಾಕ್ಟರು ನಿಜ ತಿಳಿಸಿದ ಮೇಲೆ ನರ್ಸ್ ಒಳಗೆ ಬರುತ್ತಾರೆ. ಮುಖ ನೋಡಲಾಗದೆ, ಸರಿಯಾಗಿಯೇ ಇದ್ದ ಡ್ರಿಪ್ಪನ್ನು ಮತ್ತೆ ಮತ್ತೆ ಸರಿಮಾಡುತ್ತ ನಿಲ್ಲುತ್ತಾರೆ. ಇಡೀ ಲೇಖನದಲ್ಲಿ ಇದೇ ಒಳ್ಳೆಯ ಸಾಲು. ಇದರ ಬೆನ್ನಿಗೇ ನೀವು, ಸುಳ್ಳಾಡಬಾರದೆಂಬ ನಿಯಮ ಇಲ್ಲಿ ಮುರಿದುಬಿತ್ತು, ಹಾಗಾಗಿ ನಿಯಮಗಳ ಹಂಗೇ ಬೇಡ ಎಂದು ತೀರ್ಪು ಕೊಡುತ್ತೀರಿ.

ಆ ನರ್ಸಿಗೆ ಮುಖ ನೋಡಲು ಯಾಕೆ ಆಗಲಿಲ್ಲ? ಹೇಳಿದ್ದು ಸುಳ್ಳು ಎಂಬುದು ಆ ಹೊತ್ತಿನಲ್ಲೂ ಅವರನ್ನು ಚುಚ್ಚುತ್ತಿತ್ತು. ಆಕೆಯ ಜೀವ ಉಳಿಸುವುದು ಹೆಚ್ಚಾಯಿತು, ನಿಜ ಹೇಳುವುದು ಅದರ ಮುಂದೆ ಸೋತಿತು. ಆದರೆ ಸೋತದ್ದು ಇಲ್ಲವಾಗಲಿಲ್ಲ. ಇದನ್ನು ಸ್ಕಾಟ್ಲೆಂಡಿನ ತತ್ವಜ್ಞಾನಿ ಡಬ್ಲ್ಯು. ಡಿ. ರಾಸ್ 1930ರಲ್ಲೇ ಹೇಳಿದ್ದರು. ಕೊಟ್ಟ ಮಾತು, ಪಡೆದ ಉಪಕಾರ, ಇನ್ನೊಬ್ಬರಿಗೆ ನೋವು ಮಾಡದಿರುವುದು, ಇಂಥ ಕೆಲವು ಕರ್ತವ್ಯಗಳು ಯಾವಾಗಲೂ ನಮ್ಮನ್ನು ಎಳೆಯುತ್ತವೆ. ಒಂದಕ್ಕೊಂದು ಡಿಕ್ಕಿಯಾದಾಗ ಯಾವುದು ಮೇಲು ಎಂದು ಹೇಳುವ ಸೂತ್ರವಿಲ್ಲ, ಅದನ್ನು ವಿವೇಕದಿಂದಲೇ ಕಂಡುಕೊಳ್ಳಬೇಕು. ಸೋತ ಕರ್ತವ್ಯ ಮಾತ್ರ ಮನಸ್ಸಿನಲ್ಲಿ ಒಂದು ಅಳುಕು ಉಳಿಸಿ ಹೋಗುತ್ತದೆ, ಹೇಗಾದರೂ ಸರಿಮಾಡಬೇಕು ಅನ್ನಿಸುತ್ತದೆ. ನಿಮ್ಮ ನರ್ಸ್ ಅಕ್ಷರಶಃ ರಾಸ್ ಹೇಳಿದವರೇ. ರಾಸ್ ಅವರೋ ನಿಯಮಗಳನ್ನು ಬಿಟ್ಟವರಲ್ಲ.

ಎರಡನೇ ಪುಟದ ಕೌಶಿಕನ ಕಥೆಗೂ ಇದೇ ಗತಿ. ಕರ್ಣಪರ್ವದಲ್ಲಿ ಕೃಷ್ಣ ಅದನ್ನು ಅರ್ಜುನನಿಗೆ ಹೇಳುತ್ತಾನೆ. ಸದಾ ನಿಜವನ್ನೇ ಹೇಳುವ ವ್ರತ ಹಿಡಿದ ಕೌಶಿಕ, ಅಡಗಿದ್ದವರ ಜಾಗವನ್ನು ದರೋಡೆಕೋರರಿಗೆ ತೋರಿಸಿ ನರಕಕ್ಕೆ ಹೋದ. ನಿಯಮಕ್ಕೆ ಅಂಟಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಕಥೆ ಚೆನ್ನಾಗಿ ಒಪ್ಪುತ್ತದೆ, ಸರಿ. ಆದರೆ ಅದೇ ಜಾಗದಲ್ಲಿ ಕೃಷ್ಣ ಸುಳ್ಳು ಎಲ್ಲೆಲ್ಲಿ ಸಲ್ಲುತ್ತದೆ ಎಂದೂ ಹೇಳುತ್ತಾನಲ್ಲ: ಪ್ರಾಣಕ್ಕೆ ಅಪಾಯ ಬಂದಾಗ, ಮದುವೆಯ ವಿಷಯದಲ್ಲಿ, ಸರ್ವಸ್ವವೂ ಹೋಗುವಾಗ. ಇದು ವಿನಾಯಿತಿಗಳ ಪಟ್ಟಿ. ವಿನಾಯಿತಿ ಇರುವ ನಿಯಮವೂ ನಿಯಮವೇ ಅಲ್ವಾ? ಕೊಲೆಗಾರನ ಎದುರಿಗೂ ಸುಳ್ಳು ಹೇಳುವ ಹಕ್ಕು ನಮಗಿಲ್ಲ ಎಂದು 1797ರಲ್ಲಿ ಬರೆದ ಜರ್ಮನ್ ತತ್ವಜ್ಞಾನಿ ಕಾಂಟ್‌ಗೆ ಎದುರಾಗಿ ಈ ಕಥೆ ನಿಲ್ಲುತ್ತದೆ. ರಾಸ್‌ಗೆ ಎದುರಾಗಿ ನಿಲ್ಲುವುದಿಲ್ಲ. ಪಾರ್ಟಿಕ್ಯುಲರಿಸಂ ಗೆಲ್ಲಬೇಕಾಗಿರುವುದು ರಾಸ್‌ರನ್ನು.

ಪಾರ್ಟಿಕ್ಯುಲರಿಸಂ ವಾದವನ್ನು ಎಲ್ಲರಿಗಿಂತ ಗಟ್ಟಿಯಾಗಿ ಮಂಡಿಸಿದವರು ಬ್ರಿಟಿಷ್ ತತ್ವಜ್ಞಾನಿ ಜೊನಾಥನ್ ಡಾನ್ಸಿ. ಅವರ ಮುಖ್ಯ ಪುಸ್ತಕ ಬಂದದ್ದು 2004ರಲ್ಲಿ. ಅವರು ಹೇಳುವುದು ನಿಮ್ಮ ಲೇಖನಕ್ಕಿಂತ ಬಹಳ ವಿಚಿತ್ರವಾದ ಮಾತು. ಒಂದು ಕಡೆ ಮಾಡು ಎನ್ನುವ ಕಾರಣ ಇನ್ನೊಂದು ಕಡೆ ಕಾರಣವೇ ಆಗದೆ ಹೋಗಬಹುದು, ಬೇಡ ಎನ್ನುವ ಕಾರಣವೂ ಆಗಬಹುದು. ಅವರ ಉದಾಹರಣೆ: ನಿಮ್ಮಿಂದ ಒಂದು ಪುಸ್ತಕ ಎರವಲು ತಂದಿದ್ದೇನೆ. ತಂದಿದ್ದೇನೆ ಎಂಬುದೇ ವಾಪಸ್ ಕೊಡಲು ಕಾರಣ. ಆಮೇಲೆ ಅದು ನೀವು ಲೈಬ್ರರಿಯಿಂದ ಕದ್ದದ್ದು ಎಂದು ಗೊತ್ತಾಗುತ್ತದೆ. ಈಗ ನಿಮಗೆ ಕೊಡಲು ಒಂದು ಕಾರಣ, ಲೈಬ್ರರಿಗೆ ಕೊಡಲು ಅದಕ್ಕಿಂತ ದೊಡ್ಡ ಕಾರಣ ಎಂದು ಲೆಕ್ಕ ಹಾಕಬೇಕಾ? ಇಲ್ಲ ಎನ್ನುತ್ತಾರೆ ಡಾನ್ಸಿ. ನಿಮಗೆ ಕೊಡಲು ಇದ್ದ ಕಾರಣವೇ ಆರಿಹೋಯಿತು. ಲೈಬ್ರರಿಯ ಕೌಂಟರಿನಲ್ಲಿ ಪುಸ್ತಕ ಇಟ್ಟು ಬಂದ ಮೇಲೆ ನಿಮ್ಮ ಹತ್ತಿರ ಕ್ಷಮೆ ಕೇಳಬೇಕು ಅಂತ ನನಗೇನೂ ಅನ್ನಿಸುವುದಿಲ್ಲ.

ಸುಳ್ಳಿನ ವಿಷಯಕ್ಕೇ ಬನ್ನಿ. ಇಸ್ಪೀಟಿನಲ್ಲಿ ಬ್ಲಫ್ ಆಡುವಾಗ ಎಲೆ ಮಗುಚಿಟ್ಟು “ಮೂರು ಎಕ್ಕ” ಎನ್ನುತ್ತೇವೆ. ಒಂದೂ ಇರುವುದಿಲ್ಲ. ಅಲ್ಲಿ ಸುಳ್ಳು ಎಂಬುದು ಆಟದ ಮೋಜಿಗಾಗಿ ನಾವು ನುಂಗಿಕೊಂಡ ಸಣ್ಣ ತಪ್ಪಲ್ಲ. ಸುಳ್ಳು ಇರುವುದರಿಂದಲೇ ಅದು ಆಟ. ಮಾರನೇ ದಿನ ಯಾರೂ ಯಾರ ಮುಖ ತಪ್ಪಿಸುವುದಿಲ್ಲ. ನಿಮ್ಮ ಪ್ರತಿ ಉದಾಹರಣೆಯನ್ನೂ ಹೀಗೆ ಪರೀಕ್ಷಿಸಿ. ಮಾಡಬೇಕಾದ್ದನ್ನು ಮಾಡಿದ ಮೇಲೂ ಯಾರಿಗಾದರೂ ಏನಾದರೂ ಬಾಕಿ ಉಳಿಯಿತಾ? ಉಳಿದರೆ ಕಾರಣ ಸೋತಿದೆ, ಅದು ರಾಸ್ ಪಾಲು. ಏನೂ ಉಳಿಯದಿದ್ದರೆ ಕಾರಣ ಆರಿದೆ, ಅಲ್ಲಿಂದ ಡಾನ್ಸಿ ಶುರು. ಪರೀಕ್ಷೆ ಪಕ್ಕಾ ಅಲ್ಲ. ಕೆಲವರು ಸುಮ್ನೆ ಕೊರಗುತ್ತಾರೆ, ಕೆಲವರಿಗೆ ಕೊರಗೇ ಬರುವುದಿಲ್ಲ. ಆದರೂ ಲೇಖನ ತಿದ್ದಲು ಇಷ್ಟು ಸಾಕು.

ಅಲ್ಲಿಗೂ ಮುಗಿಯುವುದಿಲ್ಲ. ‘ಎರವಲು ತಂದದ್ದನ್ನು ವಾಪಸ್ ಕೊಡು, ಕೊಟ್ಟವರದ್ದೇ ಆಗಿದ್ದರೆ’ ಎಂದು ನಿಯಮವನ್ನೇ ತಿದ್ದಿದರೆ? ಷಾನ್ ಮೆಕೀವರ್ ಮತ್ತು ಮೈಕಲ್ ರಿಡ್ಜ್ ಎಂಬ ತತ್ವಜ್ಞಾನಿಗಳು ಈ ದಾರಿ ಹಿಡಿದಿದ್ದಾರೆ. ಕಾರಣಗಳು ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತವೆ ಎಂದು ಒಪ್ಪಿಕೊಂಡೂ ನಿಯಮ ಉಳಿಸಿಕೊಳ್ಳಬಹುದು, ಬದಲಾಗುವ ಬಗೆಯನ್ನೇ ನಿಯಮದೊಳಗೆ ಬರೆದರಾಯಿತು ಎನ್ನುತ್ತಾರೆ. ಡಾನ್ಸಿ ಕಡೆಯವರು ಆ ಷರತ್ತುಗಳಿಗೆ ಕೊನೆಯೇ ಇಲ್ಲ ಎನ್ನುತ್ತಾರೆ. ಎರವಲು ತಂದದ್ದು ಬಂದೂಕಾಗಿದ್ದು, ಕೊಟ್ಟವರು ಕುಡಿದು ರೇಗಾಡುತ್ತ ಕೇಳಲು ಬಂದರೆ? ಇನ್ನೊಂದು ಷರತ್ತು ಸೇರಿಸಿ. ಹೀಗೆ ಪ್ರತಿ ಸಲ ಯಾವ ಷರತ್ತು ಬೇಕು ಎಂದು ಗುರುತಿಸುವ ಕಣ್ಣು ನಮಗೆ ಮೊದಲೇ ಇದ್ದರೆ, ಕೆಲಸ ಮಾಡುತ್ತಿರುವುದು ಆ ಕಣ್ಣು, ನಿಯಮ ಹಿಂದಿನಿಂದ ಬರುವ ಗುಮಾಸ್ತ. ನನಗೆ ಇಲ್ಲಿ ಡಾನ್ಸಿ ಅರ್ಧ ಗೆದ್ದಂತೆ ಕಾಣುತ್ತದೆ. ಷರತ್ತುಗಳಿಗೆ ಕೊನೆಯಿಲ್ಲ ಎಂಬುದನ್ನು ಅವರು ತೋರಿಸಿಲ್ಲ, ಕೊನೆಯಿದೆ ಎಂದು ತೋರಿಸುವ ಹೊಣೆಯನ್ನು ನಮ್ಮ ಮೇಲೆ ಹೊರಿಸಿದ್ದಾರೆ.

ಇನ್ನೊಂದು ಆಕ್ಷೇಪವನ್ನು ನೀವು ಮುಟ್ಟಿಯೇ ಇಲ್ಲ. ಅದು ತತ್ವಜ್ಞಾನಿ ಬ್ರಾಡ್ ಹೂಕರ್ ಅವರದು. ಮಾತು ಕೊಟ್ಟವನು ನಾಳೆ ‘ಈ ಸಲ ಮಾತಿಗೆ ಬೆಲೆಯಿಲ್ಲ ಅನ್ನಿಸಿತು’ ಎನ್ನುವವನಾದರೆ ಅವನನ್ನು ನಂಬಿ ವ್ಯವಹಾರ ಮಾಡುವುದು ಹೇಗೆ? ‘ವಿವೇಕಿ ಹಾಗೆ ಮಾಡುವುದಿಲ್ಲ’ ಎಂಬ ಒಂದು ಸಾಲಿನ ಉತ್ತರ ಸಾಲದು. ಎದುರಿಗಿರುವವನು ವಿವೇಕಿಯೋ ಅಲ್ಲವೋ ಮೊದಲೇ ಗೊತ್ತಿರುವುದಿಲ್ಲ ಎಂಬುದೇ ಇಲ್ಲಿನ ತೊಡಕು.

ಮೊದಲ ಪುಟದ ಪೀಠಿಕೆ ಪೂರ್ತಿ ತೆಗೆಯಿರಿ. ‘ಪ್ರತಿಯೊಬ್ಬರಿಗೂ ಅವರವರ ಸರಿ’ ಎಂಬ ಸಾಲನ್ನು ಮೊದಲು ಹೊಡೆದುಹಾಕಿ. ಡಾನ್ಸಿ ಪ್ರಕಾರ ಪ್ರತಿ ಸಂದರ್ಭದಲ್ಲೂ ಸರಿಯುತ್ತರ ಇರಬಹುದು, ನಾವು ಅದನ್ನು ತಪ್ಪಿಸಿಕೊಳ್ಳಲೂಬಹುದು. ಕೌಶಿಕ ಬೇಕಿದ್ದರೆ ಇರಲಿ, ಕಾಂಟ್ ಎದುರು. ನರ್ಸನ್ನು ಮಾತ್ರ ಬಿಡಬೇಡಿ. ಅವರನ್ನು ರಾಸ್ ಪರ ನಿಲ್ಲಿಸಿ, ಅಳುಕೇ ಉಳಿಯದ ಇನ್ನೊಂದು ಪ್ರಸಂಗವನ್ನು ಅದೇ ವಾರ್ಡಿನಿಂದ ಹುಡುಕಿ ಎದುರಿಗೆ ಇಡಿ. ಸಿಗದೇ ಹೋದರೆ ಶೀರ್ಷಿಕೆ ಬದಲಿಸಿ ಕಳಿಸಿ, ಆಗಲೂ ಓದುತ್ತೇನೆ.