ಪಟ್ಟಿ ಸಡಿಲಿಸಿದ ಮೇಲೆ ಕೈ ಕೆಂಪಾಗುವುದೇಕೆ?

ಪ್ರಶ್ನೆ: ಹುಬ್ಬಳ್ಳಿಯ ದವಾಖಾನೆಯೊಂದರಲ್ಲಿ ಬಿ.ಪಿ. ಪಟ್ಟಿಯನ್ನು ಬಹಳ ಹೊತ್ತು ಬಿಗಿದಿಟ್ಟಿದ್ದರು. ಬಿಚ್ಚಿದ ಕೂಡಲೇ ಮುಂಗೈ ಕೆಂಪಾಗಿ ಬಿಸಿಯಾಯಿತು. ಇದು ರಕ್ತನಾಳಗಳನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಅನಿಲದಿಂದಲೇ?

ಉತ್ತರ: ಮೊದಲ ಕೆಂಪಿಗೆ ಅದು ಮುಖ್ಯ ಕಾರಣವಲ್ಲ, ಅದರ ಕೆಲಸ ಸ್ವಲ್ಪ ತಡವಾಗಿ, ಬೇರೆ ಕಡೆ ಕಾಣುತ್ತದೆ.

ರಕ್ತ ನಿಂತಾಗಲೂ ಸ್ನಾಯುಕೋಶಗಳು ಆಮ್ಲಜನಕವನ್ನು ಬಳಸುತ್ತಲೇ ಇರುವುದರಿಂದ ಅಡೆನೊಸಿನ್, ಇಂಗಾಲದ ಡೈಆಕ್ಸೈಡ್ ಮೊದಲಾದವು ಕೊಚ್ಚಿಹೋಗದೆ ಅಲ್ಲಿಯೇ ಸೇರುತ್ತವೆ. ಇವುಗಳಿಂದಲೂ, ಒಳಗಿನ ಒತ್ತಡ ಇಳಿದದ್ದರಿಂದಲೂ ಕಿರುಧಮನಿಗಳ ಗೋಡೆಯ ಸ್ನಾಯು ಸಡಿಲಗೊಳ್ಳುತ್ತದೆ. ಪಟ್ಟಿ ಬಿಚ್ಚಿದಾಗ, ಮೊದಲೇ ತೆರೆದುಕೊಂಡಿರುವ ಈ ದಾರಿಗಳಲ್ಲಿ ರಕ್ತ ಎಂದಿಗಿಂತ ಹಲವು ಪಟ್ಟು ವೇಗವಾಗಿ ನುಗ್ಗುತ್ತದೆ. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಉಂಡು ಎದ್ದಾಗ, ನೆಲಕ್ಕೊತ್ತಿದ್ದ ಕಣಕಾಲಿನ ಚರ್ಮ ಮೊದಲು ಬಿಳಚಿ ಆಮೇಲೆ ಕೆಂಪಾಗುವುದೂ ಇದೇ ಪ್ರತಿಕ್ರಿಯೆ.

ನೈಟ್ರಿಕ್ ಆಕ್ಸೈಡ್‌ನ ಸರದಿ ಇಲ್ಲಿಂದ ಶುರು. ಆ ರಭಸದ ಹರಿವು ತೋಳಿನ ದೊಡ್ಡ ಧಮನಿಯ ಒಳಪದರವನ್ನು ಉಜ್ಜುತ್ತದೆ; ಅಲ್ಲಿನ ಎಂಡೋಥೀಲಿಯಲ್ ಕೋಶಗಳು ಅರ್ಜಿನಿನ್ ಎಂಬ ಅಮೈನೋ ಆಮ್ಲದಿಂದ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತವೆ; ಅದು ಪಕ್ಕದ ಸ್ನಾಯುವಿಗೆ ಇಳಿದು ಸೈಕ್ಲಿಕ್ ಜಿಎಂಪಿ ಎಂಬ ಸಂದೇಶವಾಹಕ ಅಣುವನ್ನು ಹೆಚ್ಚಿಸಿ ಅದನ್ನು ಸಡಿಲಿಸುತ್ತದೆ.

ಇದನ್ನು ಅಳೆಯಲು ಮುಂಗೈಗೆ 5 ನಿಮಿಷ ಪಟ್ಟಿ ಬಿಗಿದು ಬಿಚ್ಚಿ, ಮೇಲಿನ ಧಮನಿಯನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾರೆ. ಸುಮಾರು ಒಂದು ನಿಮಿಷದ ಹೊತ್ತಿಗೆ 4.0 ಮಿ.ಮೀ. ವ್ಯಾಸ 4.3 ಆದರೆ ಹಿಗ್ಗು 7.5%. ಧೂಮಪಾನಿಗಳಲ್ಲಿ, ಮಧುಮೇಹಿಗಳಲ್ಲಿ ಇದು ಸಾಮಾನ್ಯವಾಗಿ ಕಡಿಮೆ. ಮೊದಲ ಕೆಂಪಿಗೆ ನೈಟ್ರಿಕ್ ಆಕ್ಸೈಡ್ ಮುಖ್ಯ ಕಾರಣವಲ್ಲದ್ದರಿಂದ, ಕೈ ಚೆನ್ನಾಗಿ ಕೆಂಪಾಯಿತೆಂಬ ಮಾತ್ರಕ್ಕೆ ಒಳಪದರ ಆರೋಗ್ಯವಾಗಿದೆ ಎನ್ನಲಾಗದು.