ಕ್ಯೂಪಿಎಸ್‌ಕೆ ಗೆರೆ 3 ಡಿಬಿ ಪಕ್ಕಕ್ಕೆ ಯಾಕೆ ಹೋಗುತ್ತೆ?

«ಪುಸ್ತಕದಲ್ಲಿ ಬಿಪಿಎಸ್‌ಕೆ, ಕ್ಯೂಪಿಎಸ್‌ಕೆ ಎರಡರ ಬಿಟ್ ಎರರ್ ರೇಟ್ ಒಂದೇ ಅಂತಿದೆ. ನನ್ನ ಸಿಮ್ಯುಲೇಷನ್‌ನಲ್ಲಿ ಕ್ಯೂಪಿಎಸ್‌ಕೆ ಗೆರೆ 3 ಡಿಬಿ ಬಲಕ್ಕಿದೆ. ಯಾಕೆ?»

ನೀವು ನಾಯ್ಸನ್ನು ಸಿಂಬಲ್ ಶಕ್ತಿಗೆ ಹೊಂದಿಸಿದ್ದೀರಿ, ಬಿಟ್ ಶಕ್ತಿಗಲ್ಲ. ಕ್ಯೂಪಿಎಸ್‌ಕೆ ಸಿಂಬಲ್ ಎರಡು ಬಿಟ್ ಹೊರುತ್ತದೆ, ಹಾಗಾಗಿ ಪ್ರತಿ ಬಿಟ್‌ಗೆ ಸಿಗೋದು ಅರ್ಧ ಶಕ್ತಿ. ಅದೇ ಆ 3 ಡಿಬಿ.

ಎರಡಕ್ಕೂ ಸೂತ್ರ ಒಂದೇ:

`BER = Q(sqrt(2*Eb/N0))`

Eb/N0 9.6 ಡಿಬಿ ಇದ್ದರೆ ಲಕ್ಷ ಬಿಟ್‌ಗೆ ಸುಮಾರು ಒಂದು ತಪ್ಪು. 6.6ಕ್ಕೆ ಇಳಿದರೆ ಸುಮಾರು 125! ಕಡಿದಾದ ಇಳಿಜಾರು, ಅಲ್ವಾ? ಅದಕ್ಕೇ ಈ ಸಣ್ಣ ತಪ್ಪು ಇಷ್ಟು ದೊಡ್ಡದಾಗಿ ಕಾಣುತ್ತದೆ.

ನಾಯ್ಸ್ ಹೀಗೆ ಹಾಕಿ, ಕ್ಯೂಪಿಎಸ್‌ಕೆಗೆ `k = 2`:

```
N0 = Es / (k * 10^(EbN0dB/10))
```

ಐ, ಕ್ಯೂ ಎರಡಕ್ಕೂ ತಲಾ `N0/2` ವೇರಿಯನ್ಸ್ ಕೊಡಿ. ಆಮೇಲೂ ಗೆರೆ ಸ್ವಲ್ಪ ಮೇಲೇ ಉಳಿದರೆ ಗ್ರೇ ಕೋಡಿಂಗ್ ನೋಡಿ. ಪಕ್ಕಪಕ್ಕದ ಬಿಂದುಗಳಲ್ಲಿ ಒಂದೇ ಬಿಟ್ ಬದಲಾಗಬೇಕು.