ಬಿ12 ಕಡಿಮೆ ಇದ್ದಾಗ ಲಾಫಿಂಗ್ ಗ್ಯಾಸ್

"ದವಡೆ ಹಲ್ಲು ಕೀಳುವಾಗ ಲಾಫಿಂಗ್ ಗ್ಯಾಸ್ ಕೊಡ್ತಾರಂತೆ. ನಂಗೆ ಬಿ12 ಕಡಿಮೆ ಇದೆ, ತಗೋಬಹುದಾ? ಆಮೇಲೆ ಸ್ಕೂಟರ್ ಓಡಿಸಬಹುದಾ?"

ಬಿ12 ಸರಿಹೋಗುವವರೆಗೆ ಈ ಗ್ಯಾಸ್ ಬೇಡ. ರಿಪೋರ್ಟನ್ನು ಡಾಕ್ಟರಿಗೆ ಈಗಲೇ ತೋರಿಸಿ. ಲಾಫಿಂಗ್ ಗ್ಯಾಸ್ ಅಂದರೆ ನೈಟ್ರಸ್ ಆಕ್ಸೈಡ್. ಇದು ಮೈಯಲ್ಲಿರುವ ಬಿ12 ಅನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಸಾಕಷ್ಟು ಬಿ12 ಇರುವವರಿಗೆ ಅರ್ಧ ಗಂಟೆಯ ಗ್ಯಾಸಿನಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮೊದಲೇ ಕೊರತೆ ಇದ್ದರೆ ನರಗಳಿಗೆ ಪೆಟ್ಟು ಬೀಳಬಹುದು. ಅದು ಅಂದೇ ಗೊತ್ತಾಗುವುದಿಲ್ಲ. ಕೆಲವು ದಿನ ಅಥವಾ ವಾರ ಕಳೆದ ಮೇಲೆ ಪಾದ ಜುಮ್ಮೆನ್ನುತ್ತದೆ, ನಡೆಯುವಾಗ ತೂರಾಡುವಂತಾಗುತ್ತದೆ. ಬಹಳ ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳುವವರಿಗೂ ಈ ಕೊರತೆ ಇರಬಹುದು. ನೋವು ತಡೆಯಲು ಹೇಗೂ ಮರಗಟ್ಟಿಸುವ ಇಂಜೆಕ್ಷನ್ ಕೊಡ್ತಾರೆ. ಗ್ಯಾಸ್ ಇರುವುದು ಮುಖ್ಯವಾಗಿ ಭಯ ತಗ್ಗಿಸಲು, ಅಲ್ವಾ?

ಅಮಲು ಮಾತ್ರ ಬೇಗ ಇಳಿಯುತ್ತದೆ. ಇದು ರಕ್ತದಲ್ಲಿ ಜಾಸ್ತಿ ಕರಗುವುದಿಲ್ಲ, ಉಸಿರಿನಲ್ಲೇ ಹೊರಹೋಗುತ್ತದೆ. ಕೊನೆಗೆ 5 ನಿಮಿಷವಾದರೂ ಬರೀ ಆಕ್ಸಿಜನ್ ಕೊಡುತ್ತಾರೆ. ಗ್ಯಾಸ್ ಒಂದನ್ನೇ ತಗೊಂಡ ದೊಡ್ಡವರು ಅರ್ಧ ಗಂಟೆ ಕೂತು, ತಲೆ ತಿಳಿಯಾಗಿ, ಡಾಕ್ಟರ್ ಒಪ್ಪಿದರೆ ಗಾಡಿ ಓಡಿಸಬಹುದು. ಜೊತೆಗೆ ನಿದ್ದೆ ಬರಿಸುವ ಮಾತ್ರೆ ಕೊಟ್ಟಿದ್ದರೆ ಅಂದು ಸ್ಕೂಟರ್ ಮುಟ್ಟಬೇಡಿ.

ಇತ್ತೀಚೆಗೆ ರೆಟಿನಾ ಆಪರೇಷನ್ನಿನಲ್ಲಿ ಕಣ್ಣೊಳಗೆ ಗ್ಯಾಸ್ ತುಂಬಿಸಿಕೊಂಡವರು ಇದನ್ನು ತಗೊಳ್ಳಲೇಬಾರದು. ಆ ಗುಳ್ಳೆ ಉಬ್ಬಿ ದೃಷ್ಟಿಯೇ ಹೋಗಬಹುದು. ಗರ್ಭಿಣಿಯರಿಗೂ ಮೊದಲ 3 ತಿಂಗಳು ಬೇಡ.